ಗಲ್ಫ್‌ನಿಂದ ಒಂದು ತಿಂಗಳ ರಜೆ: ಆ ಮೂವತ್ತು ದಿನ ಬೇಸರದಲ್ಲಿ ಮುಗಿಯದ ಹಾಗೆ ನೋಡಿಕೊಳ್ಳುವುದು ಹೇಗೆ

ನನ್ನ ಗಂಡ ಅಬುಧಾಬಿಯಲ್ಲಿ ಎಸಿ ರಿಪೇರಿ ಕೆಲಸದ ಸೂಪರ್‌ವೈಸರ್. ನಾನು ಕುಂದಾಪುರದ ಹತ್ತಿರ ಅತ್ತೆ, ಮಾವ ಮತ್ತು ಮಗಳ ಜೊತೆ ಇದ್ದೇನೆ. ಮದುವೆಯಾಗಿ ಒಂಬತ್ತು ವರ್ಷ ಆಯಿತು. ವರ್ಷಕ್ಕೊಮ್ಮೆ ರಜೆ ಸಿಗುತ್ತದೆ, ಮೂವತ್ತು ದಿನ. ಅಲ್ಲಿನ ಕಾನೂನಿನಲ್ಲಿ ಒಂದು ವರ್ಷ ಮುಗಿಸಿದವರಿಗೆ ಇರುವುದೇ ಅಷ್ಟು. ಶನಿವಾರ, ಭಾನುವಾರ ಎಲ್ಲ ಅದರಲ್ಲೇ ಸೇರಿಬಿಡುತ್ತದೆ.

ಮೊದಲ ರಜೆಗೆ ಅವರು ಬಂದದ್ದು ಹನ್ನೊಂದು ತಿಂಗಳ ಮೇಲೆ. ನಾನು ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತ ಕಾದಿದ್ದೆ. ಬಂದ ಆರನೇ ದಿನ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಹೋಗುವ ದಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಬ್ಬರೂ ಅತ್ತೆವು. ಅಗಲಿಕೆಯ ದುಃಖಕ್ಕಿಂತ ಜಾಸ್ತಿ, ಇಷ್ಟು ಕಾದದ್ದು ಹೀಗೆ ಹೋಯಿತಲ್ಲ ಅನ್ನುವ ಸಂಕಟ ಅದು. ನಮ್ಮಲ್ಲಿ ಯಾರದ್ದೂ ದೊಡ್ಡ ತಪ್ಪಿರಲಿಲ್ಲ. ಅವರ ತಲೆಯಲ್ಲಿ ಒಂದು ರಜೆ ಇತ್ತು, ನನ್ನ ತಲೆಯಲ್ಲಿ ಇನ್ನೊಂದು ಇತ್ತು. ಅವೆರಡನ್ನೂ ನಾವು ಒಮ್ಮೆಯೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆಮೇಲಿನ ರಜೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಡಗಿನಲ್ಲಿ ಕೆಲಸ ಮಾಡುವವರ ಮನೆಯಲ್ಲೂ, ಓದಲು ದೂರ ಹೋದವರ ಮನೆಯಲ್ಲೂ ಇದರಲ್ಲಿ ಕೆಲವು ಹೊಂದಬಹುದು.

ಫೋನಿನಲ್ಲಿದ್ದ ಮನುಷ್ಯನೇ ಮನೆಗೆ ಬರುತ್ತಾರಾ?

ಮೊದಲು ಇದನ್ನು ಅರ್ಥ ಮಾಡಿಕೊಳ್ಳಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಬೋಟಿಮ್ ಆ್ಯಪ್‌ನಲ್ಲಿ ಮಾತಾಡುತ್ತೇವೆ. ಆ ಇಪ್ಪತ್ತು ನಿಮಿಷಕ್ಕೆ ಇಬ್ಬರೂ ಮುಖ ತೊಳೆದು, ದನಿ ಮೆತ್ತಗೆ ಮಾಡಿಕೊಂಡು ಕೂರುತ್ತೇವೆ. ಜಗಳ ಆಗುವ ಮಾತನ್ನು ಮುಂದೂಡುತ್ತೇವೆ. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆಯುವುದು, ಊಟದ ಹೊತ್ತಿಗೆ ಮೊಬೈಲ್ ನೋಡುವುದು ಫೋನಿನಲ್ಲಿ ಕಾಣುವುದಿಲ್ಲ. ಹಾಗಾಗಿ ಹನ್ನೊಂದು ತಿಂಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಎದುರಿನವರು ನಿಜಕ್ಕಿಂತ ಸ್ವಲ್ಪ ಚಂದ ಆಗಿರುತ್ತಾರೆ.

ಇದು ನಮ್ಮೊಬ್ಬರ ಅನುಭವ ಅಲ್ಲ. ಅಮೆರಿಕದ ಲಾರಾ ಸ್ಟಾಫರ್ಡ್ ಮತ್ತು ಆಂಡಿ ಮೆರೊಲ್ಲಾ ದೂರ ದೂರ ಇರುವ ಪ್ರೇಮಿಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಹತ್ತಿರ ಇರುವವರಿಗಿಂತ ದೂರ ಇರುವವರೇ ಒಬ್ಬರನ್ನೊಬ್ಬರು ಜಾಸ್ತಿ ಆದರ್ಶವಾಗಿ ಕಂಡಿದ್ದರು. ಒಂದೇ ಊರಿಗೆ ಬಂದ ಮೇಲೆ ಸಂಬಂಧ ಮುರಿಯುವ ಸಂಭವವೂ ಅಂಥವರಲ್ಲಿ ಕಂಡಿತು. ಅವರು ನೋಡಿದ್ದು ಮದುವೆಯಾಗದ ಯುವಜನರನ್ನು. ನಮ್ಮ ಮನೆಗಳ ಕತೆ ಬೇರೆ, ಆದರೆ ಮನಸ್ಸು ಮಾಡುವ ಕೆಲಸ ಅದೇ.

ಇದಕ್ಕೆ ನಾವು ಮಾಡುವುದು ಇಷ್ಟೆ. ಬರುವ ಒಂದು ತಿಂಗಳು ಮೊದಲಿನಿಂದ ಫೋನಿನಲ್ಲಿ ಚಂದದ ಮಾತಿನ ಜೊತೆ ಸಾದಾ ಮಾತನ್ನೂ ಸೇರಿಸುತ್ತೇವೆ. ವಾರಕ್ಕೆರಡು ಸಲ ವಿಡಿಯೋ ಆನ್ ಮಾಡಿಟ್ಟು ನಾನು ನನ್ನಷ್ಟಕ್ಕೆ ಪಾತ್ರೆ ತೊಳೆಯುತ್ತೇನೆ, ಅವರು ಬಟ್ಟೆ ಇಸ್ತ್ರಿ ಮಾಡುತ್ತಾರೆ. ಮಾತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೊತೆಗಿದ್ದೂ ಸುಮ್ನೆ ಇರುವುದು ಅಭ್ಯಾಸ ತಪ್ಪಿಹೋಗಿರುತ್ತದೆ. ಅದನ್ನು ಅವರು ಬರುವ ಮೊದಲೇ ಮತ್ತೆ ರೂಢಿ ಮಾಡಿಕೊಂಡರೆ ಒಳ್ಳೆಯದು.

ಮೂರು ವಾರ ಮೊದಲು: ಒಂದೇ ಒಂದು ಆಸೆ ಹೇಳಿ

ಟಿಕೆಟ್ ಆದ ಮೇಲೆ ಒಂದು ದಿನ ಅರ್ಧ ಗಂಟೆ ಇದಕ್ಕೇ ಇಡಿ. ಒಬ್ಬೊಬ್ಬರು ಒಂದೇ ಒಂದು ಆಸೆ ಹೇಳಬೇಕು. "ಇದೊಂದು ಆಗಲೇಬೇಕು, ಆಗದಿದ್ದರೆ ನನಗೆ ಬೇಸರ ಆಗುತ್ತದೆ" ಅನ್ನುವಂಥದ್ದು. ಉಳಿದದ್ದೆಲ್ಲ ಆದರೆ ಒಳ್ಳೆಯದು ಅನ್ನುವ ಪಟ್ಟಿಗೆ ಹೋಗಲಿ.

ಆಸೆ ಕಣ್ಣಿಗೆ ಕಾಣುವ ಹಾಗೆ ಇರಬೇಕು. ಮೊದಲ ವರ್ಷ ನಾನು ಹೇಳಿದ್ದು "ನನ್ನ ಜೊತೆ ಸಮಯ ಕಳೆಯಬೇಕು" ಅಂತ. ಅವರು ಇಡೀ ದಿನ ಮನೆಯಲ್ಲೇ ಇದ್ದು ಟಿವಿ ನೋಡಿದರು. ಅವರ ಲೆಕ್ಕದಲ್ಲಿ ಅದು ನನ್ನ ಜೊತೆಗೇ ಕಳೆದ ಸಮಯ. ನನ್ನ ಲೆಕ್ಕದಲ್ಲಿ ಅಲ್ಲ. ಎರಡು ವರ್ಷದ ಮೇಲೆ ನಾನು ಹೇಳಿದ್ದು ಹೀಗೆ: "ಒಂದು ಶನಿವಾರ ಸಂಜೆ ನಾವಿಬ್ಬರೇ ಬೈಕಿನಲ್ಲಿ ಮರವಂತೆಗೆ ಹೋಗಬೇಕು. ಮಗು ಅತ್ತೆ ಹತ್ತಿರ ಇರಲಿ. ಫೋನ್ ಮನೆಯಲ್ಲಿ ಇರಲಿ." ಹೀಗೆ ಹೇಳಿದರೆ ಆಯಿತೋ ಇಲ್ಲವೋ ಅಂತ ಇಬ್ಬರಿಗೂ ಗೊತ್ತಾಗುತ್ತದೆ.

ಅವರ ಆಸೆ ಕೇಳಿ ನನಗೆ ಆಶ್ಚರ್ಯ ಆಗಿತ್ತು.

"ನೀವು ಎಂತ ಬೇಕು ಹೇಳಿ" ಅಂದೆ.

"ಎಂತದೂ ಬೇಡ ಮಾರಾಯ್ತಿ. ಮೂರು ದಿನ ನಾನಾಗಿ ಏಳುವವರೆಗೆ ಯಾರೂ ಏಳಿಸಬಾರದು" ಅಂದರು.

ಅಲ್ಲಿ ಒಂದು ರೂಮಿನಲ್ಲಿ ಆರು ಜನ. ನಾಲ್ಕೂವರೆಗೆ ಯಾರದಾದರೂ ಅಲಾರಂ ಹೊಡೆಯುತ್ತದೆ. ನಾನು ಅದುವರೆಗೆ ಬಂದ ಮರುದಿನವೇ ದೇವಸ್ಥಾನ, ನೆಂಟರ ಮನೆ ಅಂತ ಇಟ್ಟುಕೊಳ್ಳುತ್ತಿದ್ದೆ. ಅವರು ಮುಖ ಗಂಟು ಹಾಕಿಕೊಂಡು ಬರುತ್ತಿದ್ದರು. ನಮ್ಮ ಜೊತೆ ಬರುವುದೇ ಇಷ್ಟ ಇಲ್ಲ ಅಂದುಕೊಂಡಿದ್ದೆ. ಅವರಿಗೆ ಬೇಕಿದ್ದದ್ದು ನಿದ್ದೆ.

ಇದೇ ಅರ್ಧ ಗಂಟೆಯಲ್ಲಿ ಇನ್ನೊಂದು ಕೆಲಸ ಮುಗಿಸಿ. ಬಂದ ಮೇಲೆ ಹೇಗೂ ಗೊತ್ತಾಗುವ ವಿಷಯಗಳನ್ನು ಮೊದಲೇ ಹೇಳಿಬಿಡಿ. ಒಂದು ವರ್ಷ ಮಾವನ ಕಣ್ಣಿನ ಆಪರೇಷನ್‌ಗೆ ನಾನು ಬಳೆಯನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದೆ. ದೂರದಲ್ಲಿ ಚಿಂತೆ ಮಾಡಿಕೊಳ್ಳುತ್ತಾರೆ ಅಂತ ಹೇಳಿರಲಿಲ್ಲ. ಮದುವೆಗೆ ಹೊರಡುವಾಗ ಬಳೆ ಎಲ್ಲಿ ಅಂತ ಕೇಳಿದರು. ಅವರಿಗೆ ದುಡ್ಡಿನ ಬೇಸರ ಆಗಲಿಲ್ಲ. "ದಿನಾ ಮಾತಾಡಿದ್ದೇವಲ್ಲ, ಇದು ಹೇಗೆ ಬಿಟ್ಟುಹೋಯಿತು?" ಅನ್ನುವ ಬೇಸರ. ಅದರಿಂದ ಹೊರಗೆ ಬರಲು ಮೂವತ್ತರಲ್ಲಿ ಐದು ದಿನ ಹೋಯಿತು. ಸಾಲ, ಕಾಯಿಲೆ, ಮನೆಯೊಳಗಿನ ಮನಸ್ತಾಪ, ದೇಹದಲ್ಲಿ ಆದ ಬದಲಾವಣೆ, ಯಾವುದೇ ಇರಲಿ ಫೋನಿನಲ್ಲೇ ಹೇಳಿ. ಸಿಟ್ಟು ಬಂದರೂ ಮೂರು ವಾರದಲ್ಲಿ ಇಳಿಯುತ್ತದೆ.

ಮೂವತ್ತು ದಿನದ ಲೆಕ್ಕ

ನನ್ನ ಪ್ರಕಾರ ಬೇಸರದ ಅರ್ಧ ಪಾಲು ಬರುವುದು ಲೆಕ್ಕ ತಪ್ಪುವುದರಿಂದ. "ಒಂದು ತಿಂಗಳು ಇರುತ್ತಾರೆ" ಅಂದಾಗ ತುಂಬ ಅನ್ನಿಸುತ್ತದೆ. ನಮ್ಮ ಒಂದು ಮೇ ತಿಂಗಳ ರಜೆಯನ್ನು ಬಿಡಿಸಿ ಹೇಳುತ್ತೇನೆ.

ಬಂದ ದಿನ ಮತ್ತು ಹೋಗುವ ದಿನ ಬಿಟ್ಟರೆ ಇಪ್ಪತ್ತೆಂಟು. ಮೂರು ಮದುವೆ ಇತ್ತು, ಪ್ರತಿಯೊಂದಕ್ಕೂ ಹಿಂದಿನ ದಿನ ಮೆಹಂದಿ. ಅಲ್ಲಿಗೆ ಆರು ದಿನ. ಹರಕೆಗೆ ಮೂರು ದಿನ: ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯ. ನೆಂಟರ ಮನೆಗಳಿಗೆ ನಾಲ್ಕು ದಿನ. ಬ್ಯಾಂಕು, ಜಾಗದ ಪಹಣಿ, ಆಧಾರ್ ಅಂತ ಮೂರು ದಿನ. ಮಳೆಗಾಲದ ಮೊದಲು ಹೆಂಚು ತೆಗೆದು ಹಾಕಿಸುವುದಕ್ಕೆ ಐದು ದಿನ. ನನ್ನ ತವರಿಗೆ ಮೂರು ದಿನ. ಒಟ್ಟು ಇಪ್ಪತ್ತನಾಲ್ಕು. ಉಳಿದದ್ದು ನಾಲ್ಕು ದಿನ. ಅದೂ ಅಲ್ಲೊಂದು ಇಲ್ಲೊಂದು ಚೆದುರಿಹೋಗಿತ್ತು. ಆ ದಿನಗಳಲ್ಲಿ "ಹುಡುಗ ಬಂದಿದ್ದಾನಂತೆ" ಅಂತ ಯಾರಾದರೂ ಮನೆಗೆ ಬರುತ್ತಿದ್ದರು.

ಮುಂದಿನ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಮೊದಲು ಖಾಲಿ ದಿನಗಳನ್ನು ಗುರುತು ಮಾಡಿದೆವು, ಕೆಲಸ ಆಮೇಲೆ. ಬಂದ ದಿನ ಸೇರಿ ಮೊದಲ ಮೂರು ದಿನ, ಮಧ್ಯದಲ್ಲಿ ಜೊತೆಯಾಗಿ ಎರಡು ದಿನ, ಹೋಗುವ ದಿನ ಸೇರಿ ಕೊನೆಯ ಎರಡು ದಿನ. ಏಳು ದಿನ ಯಾವುದಕ್ಕೂ ಇಲ್ಲ. ಉಳಿದ ಇಪ್ಪತ್ತಮೂರರಲ್ಲಿ ಹಿಂದಿನ ವರ್ಷದ್ದೇ ಕೆಲಸಗಳನ್ನು ಕೂರಿಸಲು ನೋಡಿದಾಗ ಯಾವುದನ್ನು ಬಿಡಬೇಕು ಅನ್ನುವುದು ಕಣ್ಣೆದುರು ಬಂತು.

ಆ ವರ್ಷವೂ ಮೂರು ಮದುವೆ ಇತ್ತು. ಸ್ವಂತ ಚಿಕ್ಕಪ್ಪನ ಮಗಳ ಮೆಹಂದಿಗೆ ಮಾತ್ರ ಹೋದೆವು, ಉಳಿದೆರಡಕ್ಕೆ ಮದುವೆ ಊಟಕ್ಕೆ ಅಷ್ಟೆ. ಆರು ಹೋಗಿ ನಾಲ್ಕಾಯಿತು. ಮನೆಮನೆಗೆ ಹೋಗುವ ಬದಲು ಒಂದು ಭಾನುವಾರ ಎಲ್ಲರನ್ನೂ ಮಧ್ಯಾಹ್ನದ ಊಟಕ್ಕೆ ಕರೆದೆವು. ನಡೆಯಲಾಗದ ಹಿರಿಯರ ಮನೆಗಳಿಗೆ ಒಂದು ದಿನ ಸುತ್ತಿ ಬಂದೆವು. ಅಲ್ಲಿ ಎರಡು ದಿನ ಉಳಿಯಿತು. ಹೆಂಚಿನ ಕೆಲಸವನ್ನು ಮಾವ ಏಪ್ರಿಲ್‌ನಲ್ಲೇ ನಿಂತು ಮಾಡಿಸಿದರು. ಬ್ಯಾಂಕಿನ ಕಾಗದ ಪತ್ರ ನಾನು ಮೊದಲೇ ಜೋಡಿಸಿ ಇಟ್ಟದ್ದರಿಂದ ಮೂರರಲ್ಲಿ ಒಂದು ದಿನ ಕಡಿಮೆಯಾಯಿತು. ಕೊಲ್ಲೂರು, ಧರ್ಮಸ್ಥಳ ಮುಗಿಸಿ ಸುಬ್ರಹ್ಮಣ್ಯವನ್ನು ಮುಂದಿನ ರಜೆಗೆ ಇಟ್ಟೆವು. ತವರಿನ ಮೂರು ದಿನ ಹಾಗೆಯೇ ಬಿಟ್ಟೆ. ಒಟ್ಟು ಹದಿಮೂರು ದಿನ ಕೆಲಸ. ಹತ್ತು ದಿನವನ್ನು ಯಾವುದಕ್ಕೂ ಗೊತ್ತು ಮಾಡದೆ ಉಳಿಸಿದೆವು. ಜ್ವರ ಬರಬಹುದು, ಊರಲ್ಲಿ ಸಾವು ಆಗಬಹುದು, ಸುಮ್ನೆ ಕೂತು ಬಿಡಬೇಕು ಅನ್ನಿಸಬಹುದು. ಆ ಹತ್ತು ದಿನ ಇಲ್ಲದಿದ್ದರೆ ಇದೆಲ್ಲ ಬಂದು ಕೂರುವುದು ನಾವಿಟ್ಟುಕೊಂಡ ಏಳು ದಿನದ ಮೇಲೆ.

ಬೇಡ ಅನ್ನುವ ಮಾತು ಸೊಸೆಯ ಬಾಯಿಂದ ಬರಬಾರದು. ಇದನ್ನು ಕಷ್ಟಪಟ್ಟು ಕಲಿತಿದ್ದೇನೆ. ನಾನು ಹೇಳಿದರೆ "ಗಂಡನನ್ನು ಬಿಟ್ಟುಕೊಡುವುದಿಲ್ಲ" ಅಂತಾಗುತ್ತದೆ. ಅತ್ತೆ ಹೇಳಿದರೆ "ಮಗನಿಗೆ ಆಯಾಸ ಪಾಪ" ಅಂತಾಗುತ್ತದೆ. ಹಾಗಾಗಿ ಅತ್ತೆಯನ್ನು ಈ ಲೆಕ್ಕದೊಳಗೇ ತನ್ನಿ. ಅವರೂ ಹನ್ನೊಂದು ತಿಂಗಳು ಕಾದವರು, ಅವರಿಗೂ ಒಂದು ಆಸೆ ಇರುತ್ತದೆ. ನಮ್ಮ ಅತ್ತೆಯ ಆಸೆ ಬೆಳಗಿನ ಕಾಫಿ. ಮಗ ಎದ್ದ ಮೇಲೆ ಅರ್ಧ ಗಂಟೆ ಜಗಲಿಯಲ್ಲಿ ಅವರಿಬ್ಬರೇ ಕೂರುತ್ತಾರೆ. ನಾನು ಆ ಕಡೆ ಹೋಗುವುದಿಲ್ಲ. ಅದೊಂದು ಸಿಕ್ಕಿದ ಮೇಲೆ ನಾವಿಬ್ಬರು ಬೈಕ್ ಹತ್ತಿ ಹೊರಟರೆ ಅತ್ತೆಯೇ "ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ" ಅನ್ನುತ್ತಾರೆ.

ರಜೆಯ ತಿಂಗಳು ಆಯ್ದುಕೊಳ್ಳಲು ಸಿಕ್ಕಿದರೆ ಆಷಾಢವನ್ನೂ ಯೋಚಿಸಿ. ಮದುವೆ, ಗೃಹಪ್ರವೇಶ ಇರುವುದಿಲ್ಲ. ಮಳೆಗೆ ಯಾರೂ ಜಾಸ್ತಿ ತಿರುಗುವುದೂ ಇಲ್ಲ. ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಇರುವ ಹೊತ್ತಾದ್ದರಿಂದ ಟಿಕೆಟ್ ದುಬಾರಿ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುವ ಪದ್ಧತಿ ಇದ್ದರೆ ಅದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಈ ಎರಡು ಅಡ್ಡಿ ಇಲ್ಲದಿದ್ದರೆ ಇಬ್ಬರು ಜೊತೆಗಿರಲು ಆ ಮಳೆಯ ತಿಂಗಳಷ್ಟು ಒಳ್ಳೆಯದು ಬೇರೆ ಇಲ್ಲ.

ಮೊದಲ ಮೂರು ದಿನ

ವಿಮಾನ ಮೂರೂವರೆ ಗಂಟೆ ಇರಬಹುದು. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೆ. ಆದರೂ ಬಂದವರು ಸೋತುಹೋಗಿರುತ್ತಾರೆ. ರಜೆಗೆ ಮೊದಲಿನ ವಾರ ಕೆಲಸ ಒಪ್ಪಿಸಿ ಬರಲು ಜಾಸ್ತಿ ಹೊತ್ತು ದುಡಿದಿರುತ್ತಾರೆ. ರಾತ್ರಿ ವಿಮಾನವಾದರೆ ನಿದ್ದೆ ಇಲ್ಲ. ಮೊದಲ ಸಲ ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದು ಕೋಳಿ ಸುಕ್ಕ, ನೀರುದೋಸೆ, ಪಾಯಸ ಎಲ್ಲ ಮಾಡಿದ್ದೆ. ಅವರು ಎರಡು ದೋಸೆ ತಿಂದು ಮಲಗಿದರು. ಸಂಜೆ ಎದ್ದು ಕೇಳಿದ್ದು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ನನಗೆ ಅಳು ಬಂದಿತ್ತು. ಈಗ ಮೊದಲ ದಿನ ಗಂಜಿಯೇ. ಹಬ್ಬದ ಅಡುಗೆ ನಾಲ್ಕನೇ ದಿನ.

ಮೊದಲ ದಿನ ಒಂದು ಬಗೆಯ ಸಂಕೋಚ ಇರುತ್ತದೆ. ಎದುರಿಗೆ ನಿಂತ ಗಂಡನನ್ನು ನೋಡಿ "ಇವರು ಸ್ವಲ್ಪ ಹೊಸಬರು" ಅನ್ನಿಸುತ್ತದೆ. ಪ್ರೀತಿ ಕಡಿಮೆಯಾದದ್ದಲ್ಲ ಅದು. ದನಿಗೆ ಹೊಂದಿಕೊಂಡ ಮನಸ್ಸು ಮೈಗೆ, ವಾಸನೆಗೆ, ಪಕ್ಕದಲ್ಲಿನ ಉಸಿರಿಗೆ ಮತ್ತೆ ಹೊಂದಿಕೊಳ್ಳಬೇಕು. ಹಾಗಾಗಿ ಮೊದಲ ರಾತ್ರಿಯ ಮೇಲೆ ದೊಡ್ಡ ನಿರೀಕ್ಷೆ ಇಡಬೇಡಿ. ಆಯಾಸ ಇರುತ್ತದೆ, ಹೆಂಗಸರಿಗೆ ಮುಟ್ಟಿನ ದಿನವೂ ಆಗಿರಬಹುದು. "ಇವತ್ತು ಸುಮ್ನೆ ಪಕ್ಕದಲ್ಲಿ ಮಲಗೋಣ" ಅಂತ ಯಾರಾದರೊಬ್ಬರು ಬಾಯಿಬಿಟ್ಟು ಹೇಳಿದರೆ ಇನ್ನೊಬ್ಬರಿಗೂ ಹಗುರಾಗುತ್ತದೆ. ಹೇಳದೆ ತಿರುಗಿ ಮಲಗಿದರೆ ಅದು ತಿರಸ್ಕಾರದ ಹಾಗೆ ಕಾಣುತ್ತದೆ.

ಮಗು ಬೇಕು ಅಂತ ಕಾಯುತ್ತಿರುವವರಿಗೆ ಈ ತಿಂಗಳು ಇನ್ನೂ ಭಾರ. ಗರ್ಭ ನಿಲ್ಲಬಹುದಾದದ್ದು ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಸುಮಾರು ಐದು ದಿನ. ಅಂದರೆ ಒಂದು ರಜೆಯಲ್ಲಿ ಸಿಗುವುದು ಸಾಮಾನ್ಯವಾಗಿ ಅಂಥ ಒಂದೇ ವಾರ. ಯಾವ ತೊಂದರೆಯೂ ಇಲ್ಲದ ಚಿಕ್ಕ ವಯಸ್ಸಿನ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು. ಹಾಗಾಗಿ ಈ ಸಲ ಆಗಲಿಲ್ಲ ಅಂದರೆ ಯಾರಲ್ಲೋ ದೋಷ ಇದೆ ಅಂತ ಅರ್ಥವಲ್ಲ. ಆ ವಾರ ಯಾವುದು ಅಂತ ಮುಟ್ಟಿನ ತಾರೀಖು ನೋಡಿ ರಜೆ ಹಾಕುವಾಗಲೇ ಲೆಕ್ಕ ಮಾಡಿ, ಅಷ್ಟು ದಿನ ಪ್ರವಾಸ, ನೆಂಟರು ಇಲ್ಲದ ಹಾಗೆ ನೋಡಿಕೊಳ್ಳಿ. ವೈದ್ಯರನ್ನು ನೋಡಬೇಕಿದ್ದರೆ ಮೊದಲ ವಾರದಲ್ಲೇ ಹೋಗಿ. ಕೊನೆಯ ವಾರದಲ್ಲಿ ಹೋದರೆ ರಿಪೋರ್ಟ್ ಬರುವ ಹೊತ್ತಿಗೆ ಅವರು ವಿಮಾನ ಹತ್ತಿರುತ್ತಾರೆ.

ನಾಲ್ಕನೇ ದಿನದ ಮೇಲೆ ಬರುವ ಜಗಳ

ನಿದ್ದೆ ಮುಗಿಯಿತು, ಮೈ ಹಗುರಾಯಿತು. ಈಗ ಅವರು ಮನೆ ನೋಡಲು ಶುರು ಮಾಡುತ್ತಾರೆ. ನಮ್ಮ ಮನೆಯಲ್ಲಿ ಅದು ಪಂಪಿನಿಂದ ಶುರುವಾಯಿತು. ನಾನು ಬೆಳಗ್ಗೆ ಆರಕ್ಕೆ ಬಾವಿಯ ಪಂಪ್ ಹಾಕುತ್ತಿದ್ದೆ. ಅವರು "ರಾತ್ರಿ ಹಾಕಿದರೆ ಸಾಕಲ್ಲ" ಅಂದರು. ಆಮೇಲೆ ಅಡುಗೆಮನೆಯ ಶೆಲ್ಫ್ ಬದಲಾಯಿಸಿದರು. ಮಗಳು ಟಿವಿ ನೋಡುತ್ತ ಊಟ ಮಾಡುವುದನ್ನು ನೋಡಿ ಬೈದರು. ಅವರಿಗೆ ಅದು ಮನೆಯ ಮೇಲಿನ ಪ್ರೀತಿ, ಇಷ್ಟು ದಿನ ಮಾಡಲಾಗದ್ದನ್ನು ಮಾಡುವ ಉತ್ಸಾಹ. ನನಗೆ ಕೇಳಿಸಿದ್ದು "ನೀನು ಹನ್ನೊಂದು ತಿಂಗಳು ಮಾಡಿದ್ದು ಸರಿ ಇಲ್ಲ" ಅಂತ.

ಅಮೆರಿಕದ ನೌಕಾಪಡೆಯವರ ಮನೆಗಳನ್ನು ಕಂಡು ಕ್ಯಾಥ್ಲೀನ್ ವೆಸ್ಟಲ್ ಲೋಗನ್ 1987ರಲ್ಲಿ ಅಗಲಿಕೆಯ ಏಳು ಹಂತಗಳನ್ನು ಬರೆದಿದ್ದರು. ಗಂಡ ಮನೆಗೆ ಬಂದ ಮೇಲಿನ ಮೊದಲ ಹಂತವನ್ನು ಅವರು ಸಂಭ್ರಮದ ಹಂತ ಅಂತ ಕರೆಯಲಿಲ್ಲ. ಮದುವೆಯ ಒಪ್ಪಂದವನ್ನು ಮತ್ತೆ ಮಾತಾಡಿಕೊಳ್ಳುವ ಹಂತ ಅಂದರು. ಅದನ್ನು ತಿಳಿದಾಗ ನನಗೆ ಸಮಾಧಾನ ಆಯಿತು. ಮನೆಯ ಕೀಲಿಕೈ ಒಬ್ಬರ ಕೈಯಲ್ಲಿ ಇಷ್ಟು ದಿನ ಇತ್ತು, ಈಗ ಇಬ್ಬರು ಬಂದರು. ಜಗಳ ಬರುವುದು ಸಹಜ.

ನಾವು ಮಾಡಿಕೊಂಡ ನಿಯಮ ಹೀಗಿದೆ. ಮೊದಲ ವಾರ ಬಂದವರು ಮನೆಯಲ್ಲಿ ಏನನ್ನೂ ಬದಲಾಯಿಸುವುದಿಲ್ಲ. "ಇದು ಈಗ ಹೇಗೆ ನಡೆಯುತ್ತಿದೆ?" ಅಂತ ಕೇಳಬಹುದು. ಬದಲಾಯಿಸಬೇಕು ಅನ್ನಿಸಿದ್ದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಬಹುದು. ಎಂಟನೇ ದಿನ ಕೂತು ಆ ಪಟ್ಟಿ ನೋಡುತ್ತೇವೆ. ಮನೆ ನೋಡಿಕೊಂಡವರಿಗೂ ಒಂದು ನಿಯಮ ಇದೆ. ಹನ್ನೊಂದು ತಿಂಗಳು ಬಾಕಿ ಉಳಿದ ಕೆಲಸವನ್ನೆಲ್ಲ ಅವರ ಕೈಗೆ ಸುರಿಯಬಾರದು. ಒಂದೇ ಒಂದು ಕೆಲಸ ಪೂರ್ತಿ ಬಿಟ್ಟುಕೊಡಬೇಕು, ಮಧ್ಯೆ ಕೈ ಹಾಕಬಾರದು. ನಮ್ಮಲ್ಲಿ ಅದು ಮೀನು ತರುವುದು. ಬಂಗುಡೆ ತಂದರೂ ಸರಿ, ಬೂತಾಯಿ ತಂದರೂ ಸರಿ, ಬೆಲೆ ಜಾಸ್ತಿ ಕೊಟ್ಟರೂ ಸರಿ, ನಾನು ಮಾತಾಡುವುದಿಲ್ಲ. ಅತಿಥಿಯ ಹಾಗೆ ಕೂರಿಸಿದರೆ ಅವರಿಗೆ ಇದು ತನ್ನ ಮನೆ ಅನ್ನಿಸುವುದಿಲ್ಲ.

ಬೇಸರ ಒಳಗೆ ಸೇರುತ್ತಿದೆ ಅಂತ ಗೊತ್ತಾಗುವುದು ಹೇಗೆ? ನನಗೆ ಮೂರು ಗುರುತು ಸಿಕ್ಕಿವೆ. ಕೇಳಿದ್ದಕ್ಕೆಲ್ಲ "ಏನಿಲ್ಲ" ಅನ್ನುವ ಉತ್ತರ ಬರತೊಡಗುತ್ತದೆ. ಇಬ್ಬರಲ್ಲಿ ಒಬ್ಬರು ಫೋನ್ ಹಿಡಿದು ಬೇರೆ ಕೋಣೆಗೆ ಹೋಗುತ್ತಾರೆ, ಇಲ್ಲವೇ ಗೆಳೆಯರ ಜೊತೆ ಪೇಟೆಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತಾರೆ. ಇನ್ನೊಂದು, "ಫೋನಿನಲ್ಲೇ ಚೆನ್ನಾಗಿತ್ತು" ಅನ್ನುವ ಯೋಚನೆ. ಇದು ಬಂದ ದಿನವೇ ಮಾತಾಡಬೇಕು, ನಾಳೆಗೆ ಇಡಬಾರದು.

ನಾವು ರಾತ್ರಿ ಮಲಗುವ ಮೊದಲು ಹತ್ತು ನಿಮಿಷ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇವತ್ತು ಯಾವುದು ಚೆನ್ನಾಗಿತ್ತು? ಯಾವುದು ಅಂದುಕೊಂಡ ಹಾಗೆ ಆಗಲಿಲ್ಲ? ಎರಡನೆಯದನ್ನು ಹೇಳುವಾಗ "ನೀವು ಹೀಗೆ ಮಾಡಿದಿರಿ" ಅಂತ ಶುರು ಮಾಡಬಾರದು. "ನಾನು ಹೀಗೆ ಅಂದುಕೊಂಡಿದ್ದೆ" ಅಂತ ಶುರು ಮಾಡಬೇಕು. ಒಂದು ರಾತ್ರಿ ಅವರು ಹೇಳಿದರು: "ನಾನು ತಂದ ಸೀರೆ ನೀನು ಮದುವೆಗೆ ಉಡುತ್ತೀ ಅಂದುಕೊಂಡಿದ್ದೆ." ನನಗೆ ಅದು ಹೊಳೆದೇ ಇರಲಿಲ್ಲ. ಬ್ಲೌಸ್ ಹೊಲಿಸಿರಲಿಲ್ಲ ಅಷ್ಟೆ. ಮರುದಿನ ಟೈಲರ್ ಹತ್ತಿರ ಹೋದೆವು. ಹೇಳದೆ ಇಟ್ಟುಕೊಂಡಿದ್ದರೆ ಅದು ಅವರ ಮನಸ್ಸಲ್ಲಿ ಏನೇನೋ ಆಗಿ ಬೆಳೆಯುತ್ತಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಹೊಡೆತ, ಬೆದರಿಕೆ, ದುಡ್ಡು ಕಿತ್ತುಕೊಳ್ಳುವುದು ಇದ್ದರೆ ಅದು ನಿರೀಕ್ಷೆ ತಪ್ಪಿದ್ದರ ವಿಷಯ ಅಲ್ಲ. ಅದಕ್ಕೆ ಈ ನಿಯಮಗಳು ಯಾವುದೂ ಸಾಲುವುದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಮಗು ಅಪ್ಪನ ಹತ್ತಿರ ಹೋಗದಿದ್ದಾಗ

ಮಗಳಿಗೆ ಎರಡು ವರ್ಷ ಆಗಿದ್ದಾಗ ಬಂದ ರಜೆ ಇದು. ಫೋನಿನಲ್ಲಿ "ಅಪ್ಪ, ಅಪ್ಪ" ಅಂತ ಮುತ್ತು ಕೊಡುತ್ತಿದ್ದವಳು ವಿಮಾನ ನಿಲ್ದಾಣದಲ್ಲಿ ಅವರು ಎತ್ತಿಕೊಂಡ ತಕ್ಷಣ ಕಿರುಚಿದಳು. ಸುತ್ತ ಇದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಮನೆ ಮುಟ್ಟುವವರೆಗೆ ಕಾರಿನ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಚಿಕ್ಕ ಮಗುವಿಗೆ ಅಪ್ಪ ಅಂದರೆ ಅಂಗೈಯಷ್ಟು ಪರದೆ. ಆರಡಿ ಎತ್ತರದ, ಬೇರೆ ಸೆಂಟಿನ ವಾಸನೆಯ ಗಂಡಸು ಹೊಸಬನೇ. ಅದನ್ನು ಅಪ್ಪನಿಗೆ ಮೊದಲೇ ಹೇಳಿಡಬೇಕು. ಅಲ್ಲಿಂದ ಹೊರಡುವ ಮೊದಲೇ "ಅವಳು ಎರಡು ಮೂರು ದಿನ ಬರುವುದಿಲ್ಲ, ನೀವು ಬೇಸರ ಮಾಡಬೇಡಿ" ಅಂದಿದ್ದರೆ ಆ ದಿನ ಹಾಗಾಗುತ್ತಿರಲಿಲ್ಲ.

ಎತ್ತಿಕೊಳ್ಳಬೇಡಿ. ನೆಲದ ಮೇಲೆ ಕೂತು ಮಗುವಿನ ಎತ್ತರಕ್ಕೆ ಬನ್ನಿ. ಮಗುವನ್ನು ನೋಡದೆ ಅದರ ಆಟದ ಸಾಮಾನಿನ ಜೊತೆ ಏನಾದರೂ ಮಾಡುತ್ತಿರಿ. ಅದಾಗಿ ಹತ್ತಿರ ಬರುತ್ತದೆ. ಚಾಕಲೇಟ್ ತೋರಿಸಿ ಕರೆಯುವುದು ಒಂದು ಗಂಟೆಗೆ ಕೆಲಸ ಮಾಡುತ್ತದೆ, ಆಮೇಲೆ ಇಲ್ಲ. ಐದನೇ ದಿನದ ಹೊತ್ತಿಗೆ ದಿನದ ಒಂದು ಕೆಲಸ ಅಪ್ಪನದಾಗಲಿ. ನಮ್ಮಲ್ಲಿ ಸಂಜೆಯ ಸ್ನಾನ ಅವರದ್ದಾಯಿತು. ಮೊದಲೆರಡು ದಿನ ನಾನು ಬಾಗಿಲಲ್ಲಿ ನಿಂತಿದ್ದೆ, ಮೂರನೇ ದಿನ ಬೇಕಾಗಲಿಲ್ಲ.

ಮಲಗುವ ಜಾಗದ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಕಷ್ಟ ಅಲ್ಲೇ ಇದೆ. ಹನ್ನೊಂದು ತಿಂಗಳು ಅಮ್ಮನ ಪಕ್ಕ ಮಲಗಿದ ಮಗುವನ್ನು ಅಪ್ಪ ಬಂದ ರಾತ್ರಿಯೇ ಅಜ್ಜಿ ಹತ್ತಿರ ಕಳಿಸಿದರೆ, ತನ್ನ ಜಾಗ ಕಿತ್ತುಕೊಂಡವರು ಯಾರು ಅಂತ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಅಜ್ಜಿಯ ಪಕ್ಕ ಮಲಗಿಸುವುದಿದ್ದರೆ ಒಂದು ತಿಂಗಳು ಮೊದಲೇ ಅಭ್ಯಾಸ ಮಾಡಿ. ಇಲ್ಲವೇ ಮೊದಲ ವಾರ ಮೂವರೂ ಒಟ್ಟಿಗೆ ಮಲಗಿ, ಮಗು ನಿದ್ದೆ ಹೋದ ಮೇಲೆ ಎತ್ತಿ ಬೇರೆ ಹಾಸಿಗೆಗೆ ಹಾಕಿ.

ಸೂಟ್‌ಕೇಸ್

ಉಡುಗೊರೆಯ ಮಾತು ಬೇಗ ಮುಗಿಸುತ್ತೇನೆ. ಯಾರಿಗೆ ಎಷ್ಟರದ್ದು ಅಂತ ಒಟ್ಟು ಮೊತ್ತ ಮೊದಲೇ ಗೊತ್ತು ಮಾಡಿ, ಪಟ್ಟಿ ಅತ್ತೆಯ ಜೊತೆ ಕೂತು ಬರೆಯಿರಿ. ಹಾಲಿನ ಪುಡಿ, ಖರ್ಜೂರ, ತಲೆನೋವಿನ ಎಣ್ಣೆ ಎಲ್ಲ ಮನೆಗೂ ಒಂದೇ ಥರ ಇದ್ದರೆ ಹೋಲಿಕೆ ಬರುವುದಿಲ್ಲ. ಸೂಟ್‌ಕೇಸನ್ನು ನೆಂಟರ ಎದುರು ತೆರೆಯಬೇಡಿ. ಹೆಂಡತಿಗೆ ತಂದದ್ದನ್ನು ಕೋಣೆಯಲ್ಲಿ, ಅವಳ ಕೈಗೇ ಕೊಡಿ. ಅದರ ಬೆಲೆ ಎಷ್ಟೇ ಇರಲಿ, ಬೇರೆಯಾಗಿ ಕೊಟ್ಟದ್ದು ನೆನಪಿರುತ್ತದೆ.

ಕೊನೆಯ ನಾಲ್ಕು ದಿನ

ಇಪ್ಪತ್ತಾರನೇ ದಿನದ ಹೊತ್ತಿಗೆ ಮನೆಯ ಗಾಳಿ ಬದಲಾಗುತ್ತದೆ. ಅವರು ಮಾತು ಕಡಿಮೆ ಮಾಡುತ್ತಾರೆ, ನಾನು ಸಣ್ಣದಕ್ಕೆ ರೇಗುತ್ತೇನೆ. ಲೋಗನ್ ಹೇಳಿದ ಹಂತಗಳಲ್ಲಿ ಇದೂ ಇದೆ. ಹೋಗುವ ಮೊದಲೇ ಮನಸ್ಸು ದೂರ ಸರಿಯತೊಡಗುತ್ತದೆ. ಸಿಟ್ಟು ಮಾಡಿಕೊಂಡು ಕಳಿಸುವುದು ಅತ್ತು ಕಳಿಸುವುದಕ್ಕಿಂತ ಸುಲಭ ಅನ್ನಿಸುತ್ತದೋ ಏನೋ. ಇದು ಗೊತ್ತಾದ ಮೇಲೆ ನಾವು "ಹೋಗುವ ಜಗಳ ಶುರುವಾಯಿತು" ಅಂತ ಒಬ್ಬರಿಗೊಬ್ಬರು ಹೇಳುತ್ತೇವೆ. ಹೆಸರಿಟ್ಟ ಮೇಲೆ ಅದರ ಬಿಸಿ ಇಳಿಯುತ್ತದೆ.

ಜಾಗದ ಪಾಲು, ಊರಿಗೇ ಬಂದು ನೆಲೆಸುವುದು, ನಾನು ಅಲ್ಲಿಗೆ ಹೋಗುವುದು, ಇಂಥ ದೊಡ್ಡ ಮಾತುಗಳನ್ನು ಇಪ್ಪತ್ತನೇ ದಿನದೊಳಗೆ ಮುಗಿಸಿ. ಕೊನೆಯ ಎರಡು ದಿನ ಅವು ಬೇಡ. ತೀರ್ಮಾನ ಆಗದ ಮಾತಿನ ಜೊತೆ ವಿಮಾನ ಹತ್ತಿದರೆ ಮುಂದಿನ ಒಂದು ತಿಂಗಳ ಫೋನ್ ಅದರಲ್ಲೇ ಹೋಗುತ್ತದೆ. ಪ್ಯಾಕಿಂಗ್ ಹಿಂದಿನ ದಿನ ಮಧ್ಯಾಹ್ನಕ್ಕೆ ಮುಗಿಯಲಿ. ಉಪ್ಪಿನಕಾಯಿ ಡಬ್ಬಿಗೆ ಟೇಪ್ ಸುತ್ತುವುದು, ತೂಕ ನೋಡುವುದು ಎಲ್ಲ ಹೊರಡುವ ಸಂಜೆಗೆ ಇಟ್ಟುಕೊಂಡರೆ ಕೊನೆಯ ಮಾತು "ಈ ಡಬ್ಬಿ ಯಾಕೆ ಇಟ್ಟೆ" ಅಂತಲೇ ಆಗುತ್ತದೆ.

ಹೋದ ಮೇಲಿನ ಮೊದಲ ವಾರ ಫೋನಿನ ಮೇಲೂ ಜಾಸ್ತಿ ನಿರೀಕ್ಷೆ ಬೇಡ. ಅವರಿಗೆ ಬಾಕಿ ಕೆಲಸದ ರಾಶಿ ಇರುತ್ತದೆ, ನನಗೆ ಮನೆಯ ದಿನಚರಿ ಮತ್ತೆ ಹಳಿಗೆ ತರಬೇಕು. ದಿನಕ್ಕೆ ಐದು ನಿಮಿಷ ರೂಮಿಗೆ ಮುಟ್ಟಿದಿರಾ, ಉಂಡಿರಾ ಅಂತ ಕೇಳಿದರೆ ಸಾಕು. ಎರಡನೇ ವಾರ ಒಂದು ಹಾಳೆ ತೆಗೆದು, ಈ ಸಲ ಯಾವುದು ಆಯಿತು, ಯಾವುದು ಆಗಲಿಲ್ಲ ಅಂತ ಇಬ್ಬರೂ ಹೇಳಿ ಬರೆದುಕೊಳ್ಳುತ್ತೇವೆ. ಆ ಹಾಳೆ ಫ್ರಿಜ್ ಬಾಗಿಲಿನ ಮೇಲೆ ಇರುತ್ತದೆ. ಸುಬ್ರಹ್ಮಣ್ಯ ಬಿಟ್ಟ ವರ್ಷ ಅದರ ಮೊದಲ ಸಾಲಿನಲ್ಲಿ ಅದೇ ಇತ್ತು, ಕೆಳಗೆ ಮಗಳ ಅಕ್ಷರದಲ್ಲಿ ಒಂದು ಸೊಟ್ಟ ವೃತ್ತ. ಅದು ಚಕ್ರವಂತೆ, ಅಪ್ಪ ಮುಂದಿನ ಸಲ ಸೈಕಲ್ ಕಲಿಸಬೇಕಂತೆ.